‘ಸಂಬಳ ಕಮ್ಮಿ ಅಂತ ಬರ್ಕೊಳ್ಳಿ ಸಾರ್’

ತುಮಕೂರು, ತಿಪಟೂರು, ಶಿರಾದಲ್ಲಿ ಅಂಗಡಿಗಳಿರುವ ಒಂದು ಮಳಿಗೆ ಸರಣಿಯ ಹೆಚ್‌ಆರ್ ಕೆಲಸ ನನ್ನದು. ಕೆಲಸ ಬಿಟ್ಟವರ ಫಾರಂಗಳ ಫೈಲು ಬಿಚ್ಚಿದರೆ ಮೂರೇ ಕಾರಣ: ಸಂಬಳ ಕಮ್ಮಿ, ಮದುವೆ, ಮನೆ ಕಡೆ ತೊಂದರೆ. ಹಾಗಾಗದೆ ಇನ್ನೇನಾದೀತು? ಕೊನೆಯ ದಿನ ಸ್ಟೋರ್ ಮ್ಯಾನೇಜರ್ ಎದುರಿಗೇ ಕೂರಿಸಿ ಬರೆಸುತ್ತಿದ್ದರು. ಸೆಟ್ಲ್‌ಮೆಂಟ್ ದುಡ್ಡು, ಅನುಭವ ಪತ್ರ ಇನ್ನೂ ಕೈಗೆ ಬಂದಿರುವುದಿಲ್ಲ. ಅಂಥ ಹೊತ್ತಲ್ಲಿ ಯಾರೂ ಮ್ಯಾನೇಜರನ್ನು ಎದುರು ಹಾಕಿಕೊಳ್ಳುವುದಿಲ್ಲ.

ಈ ಫಾರಂ ನೋಡಿಯೇ ನಮ್ಮ ಆಡಳಿತದವರು ತುಮಕೂರು ಪಕ್ಕದ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳ ಮೇಲೆ ತಪ್ಪು ಹೊರಿಸುತ್ತಿದ್ದರು. ಅವರಷ್ಟು ಸಂಬಳ ನಮ್ಮಿಂದ ಆಗಲ್ಲ, ಬಿಡಿ ಎಂದು ಮಾತು ಮುಗಿಯುತ್ತಿತ್ತು.

ನಾನು ಮೊದಲು ಬದಲಿಸಿದ್ದು ಪ್ರಶ್ನೆಯನ್ನು. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿಟ್ಸ್‌ಬರ್ಗ್ ಸುತ್ತಿನ ಸುಮಾರು ಇನ್ನೂರು ಎಂಜಿನಿಯರು, ಅಕೌಂಟೆಂಟರನ್ನು ‘ಕೆಲಸ ಯಾಕೆ ಇಷ್ಟವಿಲ್ಲ’ ಎಂದು ಕೇಳಲಿಲ್ಲ. ತುಂಬ ಖುಷಿಯಾದ, ತುಂಬ ಬೇಜಾರಾದ ಒಂದೊಂದು ಸಂದರ್ಭ ಹೇಳಿ ಎಂದು ಕೇಳಿದ್ದರು. ಖುಷಿಯ ಕಥೆಗಳಲ್ಲಿ ಸಾಧನೆ, ಮನ್ನಣೆ, ಜವಾಬ್ದಾರಿ, ಬಡ್ತಿ ಹೆಚ್ಚಾಗಿ ಬಂದವು. ಇವು ಪ್ರೇರಕ ಅಂಶಗಳು. ಬೇಜಾರಿನ ಕಥೆಗಳಲ್ಲಿ ಕಂಪನಿಯ ನಿಯಮ, ಮೇಲ್ವಿಚಾರಣೆ, ಸಂಬಳ, ಕೆಲಸದ ವಾತಾವರಣ ಬಂದವು. ಇವನ್ನು ಹೈಜೀನ್ ಅಂಶಗಳು ಎಂದರು. ಚರಂಡಿ ಸರಿಯಿದ್ದರೆ ಕಾಯಿಲೆ ತಪ್ಪುತ್ತದೆ, ಆದರೆ ಅದರಿಂದಲೇ ಮೈಗೆ ಬಲ ಬರುವುದಿಲ್ಲ. ಹೈಜೀನ್ ಎನ್ನುವುದು ಈ ಅರ್ಥದಲ್ಲಿ.

ನಾನೂ ಸೆಟ್ಲ್‌ಮೆಂಟ್ ಆದ ಮೇಲೆ, ಅವರವರ ಫೋನಿಗೆ ಮಾಡಿ, ‘ಇನ್ನು ಸಾಕು ಅಂತ ಅನಿಸಿದ್ದು ಯಾವತ್ತು, ಅವತ್ತು ಏನಾಯ್ತು?’ ಎಂದು ಕೇಳತೊಡಗಿದೆ. ಗುಬ್ಬಿ ಕಡೆಯ ಕ್ಯಾಷಿಯರ್ ಹುಡುಗಿಯೊಬ್ಬಳು ಮೊದಲು, ‘ಸಂಬಳ ಕಮ್ಮಿ ಅಂತ ಬರ್ಕೊಳ್ಳಿ ಸಾರ್, ಸುಮ್ನೆ ಯಾಕೆ’ ಎಂದಳು. ‘ಅದು ಫಾರಂನಲ್ಲೇ ಇದೆಯಮ್ಮ, ಅವತ್ತಿನ ದಿನ ಹೇಳು’ ಎಂದಾಗ ಬಾಯಿಬಿಟ್ಟಳು. ಹಬ್ಬದ ಹಿಂದಿನ ದಿನದ ರಶ್ಶು. ಊಟಕ್ಕೆ ಎದ್ದಾಗ ಅವಳ ಲಾಗಿನ್‌ನಲ್ಲೇ ಇನ್ನೊಬ್ಬ ಕೂತು ಬಿಲ್ ಹಾಕಿದ್ದಾನೆ. ರಾತ್ರಿ ಲೆಕ್ಕದಲ್ಲಿ 640 ರೂಪಾಯಿ ಶಾರ್ಟೇಜ್. ಯಾರನ್ನೂ ಕೇಳದೆ ಅವಳ ಸಂಬಳದಲ್ಲಿ ಹಿಡಿದರು. ‘ದುಡ್ಡು ಹೋಗ್ಲಿ ಸಾರ್, ಎಲ್ಲರ ಮುಂದೆ ಕಳ್ಳಿ ಥರ ನೋಡಿದ್ರು.’

ಇದನ್ನು ‘ಸಂಬಳ’ದ ಖಾನೆಗೆ ಹಾಕಿದರೆ ವಿಶ್ಲೇಷಣೆ ಅಲ್ಲಿಗೇ ಸತ್ತಂತೆ. ಇಲ್ಲಿರುವುದು ಎರಡು: ಲಾಗಿನ್ ಹಂಚಿಕೊಳ್ಳಲು ಬಿಟ್ಟು ಕೊನೆಗೆ ಕ್ಯಾಷಿಯರ್ ತಲೆಗೇ ಕಟ್ಟುವ ನಿಯಮ, ಅವಮಾನ ಮಾಡಿದ ಮೇಲ್ವಿಚಾರಣೆ. ಎರಡೂ ಹೈಜೀನ್. ಆದ್ದರಿಂದ ಅವರು ಬಳಸಿದ ಪದಕ್ಕಲ್ಲ, ಘಟನೆಯ ಕಾರಣಕ್ಕೆ ಗುರುತು ಹಾಕಬೇಕೆಂದು ನಿಯಮ ಮಾಡಿಕೊಂಡೆ. ನಾನೊಬ್ಬ, ಅಕೌಂಟ್ಸ್‌ನ ಸಹೋದ್ಯೋಗಿಯೊಬ್ಬರು, ಬೇರೆ ಬೇರೆಯಾಗಿ ಓದಿ ಗುರುತು ಹಾಕಿ ಆಮೇಲೆ ತಾಳೆ ನೋಡುತ್ತಿದ್ದೆವು.

ಹೆಚ್ಚು ಜಗಳವಾದದ್ದು ಸಂಬಳದ ಮೇಲೆಯೇ. ಒಬ್ಬ ಸೆಕ್ಷನ್ ಇನ್‌ಚಾರ್ಜ್ ‘ಇನ್‌ಕ್ರಿಮೆಂಟ್ ಕೊಡಲಿಲ್ಲ’ ಎಂದಿದ್ದ. ಕಥೆ ಕೇಳಿದರೆ, ಅವನು ಕೆಲಸ ಕಲಿಸಿದ ಹುಡುಗನಿಗೂ ಅವನಿಗೂ ಒಂದೇ ಮೊತ್ತ ಬಂದಿತ್ತು. ಅವನಿಗೆ ನೋವಾದದ್ದು ಮನ್ನಣೆ ಸಿಗದ್ದಕ್ಕೆ. ಅದನ್ನು ಪ್ರೇರಕದ ಕಡೆ ಬರೆದೆವು. ಹರ್ಜ್‌ಬರ್ಗ್ ಅಧ್ಯಯನದಲ್ಲೂ ಸಂಬಳ ಎರಡೂ ಬಗೆಯ ಕಥೆಗಳಲ್ಲಿ ಕಾಣಿಸಿಕೊಂಡಿತ್ತು.

ಪಟ್ಟಿಯ ಪಕ್ಕದಲ್ಲಿ ಎಷ್ಟು ಕಾಲ ಕೆಲಸ ಮಾಡಿದ್ದರು ಎನ್ನುವ ಕಾಲಂ ಸೇರಿಸಿದಾಗ ಚಿತ್ರ ತಿಳಿಯಾಯಿತು. ಆರು ತಿಂಗಳೊಳಗೆ ಹೋದವರ ಕಥೆ ಬಹುಪಾಲು ಹೈಜೀನ್: ಶಾರ್ಟೇಜ್ ಕಡಿತ, ಹಿಂದಿನ ರಾತ್ರಿ ಬದಲಾಗುವ ವೀಕ್ ಆಫ್, ದಿನವಿಡೀ ನಿಂತೇ ಇರುವುದು. (ಮಳಿಗೆಯಲ್ಲಿ ಕೂರುವ ಹಕ್ಕಿಗೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನೇ ತಂದವು. ನಮ್ಮಲ್ಲಿ ಸ್ಟೂಲ್ ಕೇಳಿದರೆ ‘ಗಿರಾಕಿ ಏನಂದುಕೊಳ್ಳುತ್ತಾರೆ’ ಎನ್ನುತ್ತಿದ್ದರು.) ಎರಡು ವರ್ಷ ದಾಟಿ ಹೋದವರದು ಬೇರೆಯದೇ ಕಥೆ. ಬಡ್ತಿಯ ಹುದ್ದೆಗೆಲ್ಲ ಬೆಂಗಳೂರಿನಿಂದ ಜನ ಬರುತ್ತಿದ್ದರು; ಇಲ್ಲಿಯವರು ಆರ್ಡರ್ ಹಾಕಲೂ ಮೇಲಿನವರನ್ನು ಕೇಳಬೇಕಿತ್ತು.

ಒಂದು ಅಂಗಡಿಯಲ್ಲಿ ಲಾಗಿನ್ ಹಂಚುವುದನ್ನು ನಿಲ್ಲಿಸಿ, ವಿಚಾರಣೆಯಿಲ್ಲದೆ ಕಡಿತ ಮಾಡಬಾರದೆಂದು ಮಾಡಿಸಿ, ವಾರದ ರಜೆಯನ್ನು ಮುಂಚೆಯೇ ಬೋರ್ಡಿಗೆ ಹಾಕಿಸಿದೆವು. ಹೊಸಬರು ಬಿಡುವುದು ಕಡಿಮೆಯಾಯಿತು. ಹಳಬರು ಹೋಗುತ್ತಲೇ ಇದ್ದರು. ಆಡಳಿತದವರಿಗೆ ಇದು ಸೋಲಿನಂತೆ ಕಂಡಿತು. ನನಗೆ ಮಾತ್ರ ಎರಡು ಕಾಯಿಲೆಗೆ ಒಂದೇ ಮದ್ದು ಸಾಲದೆನ್ನಲು ಪುರಾವೆ ಸಿಕ್ಕಿತು. ಮರುಆರ್ಡರ್ ಹಾಕುವ ಅಧಿಕಾರವನ್ನು ಇನ್‌ಚಾರ್ಜ್‌ಗಳಿಗೇ ಕೊಡಿಸುವ ಮಾತು ಶುರುವಾದದ್ದು ಅದಾದ ಮೇಲೆ.

ಈ ವಿಧಾನಕ್ಕೊಂದು ತೊಡಕಿದೆ. ಒಳ್ಳೆಯದಾದರೆ ನನ್ನಿಂದ, ಕೆಟ್ಟದಾದರೆ ಪರಿಸ್ಥಿತಿಯಿಂದ ಎನ್ನುವುದು ಮನುಷ್ಯ ಸ್ವಭಾವ ಎಂದು ಹರ್ಜ್‌ಬರ್ಗ್ ವಿಧಾನಕ್ಕೆ ಇನ್ನೊಬ್ಬ ಮನಶ್ಶಾಸ್ತ್ರಜ್ಞ ವಿಕ್ಟರ್ ವ್ರೂಮ್ ಆಕ್ಷೇಪ ಎತ್ತಿದ್ದರು. ಬಿಟ್ಟು ಹೋದವರನ್ನಷ್ಟೇ ಕೇಳಿದರೆ ಹೈಜೀನ್ ದೊಡ್ಡದಾಗಿಯೇ ಕಾಣುತ್ತದೆ. ಅದಕ್ಕೆ ಈಗ ಅದೇ ಅಂಗಡಿಯಲ್ಲಿ, ಅಷ್ಟೇ ಕಾಲದಿಂದ ಇರುವ ಒಬ್ಬರನ್ನೂ ಕೇಳುತ್ತೇನೆ: ‘ಬಿಡಬೇಕು ಅನ್ನಿಸಿಯೂ ಬಿಡದೆ ಉಳಿದದ್ದು ಯಾವಾಗ?’ ಅದೇ ಶಾರ್ಟೇಜ್, ಅದೇ ನಿಂತ ಕೆಲಸ ಅವರ ಮಾತಿನಲ್ಲೂ ಬಂದರೆ, ಬಿಡಲು ಅಷ್ಟೇ ಕಾರಣವಲ್ಲ ಎಂದು ಪಟ್ಟಿಯಲ್ಲಿ ಆ ಗುರುತಿನ ಪಕ್ಕ ಪ್ರಶ್ನೆ ಚಿಹ್ನೆ ಹಾಕುತ್ತೇನೆ.