ಕರಿಮಣಿ ಸರ ಕೊಳ್ಳುವಾಗ ಮಣಿಯ ತೂಕ ಕಳೆದು ನೋಡಿ

ದಾದರಿನಲ್ಲೋ ಡೊಂಬಿವಲಿಯಲ್ಲೋ ಆಭರಣದಂಗಡಿಗೆ ಹೋದ ನಮ್ಮವರು ಸಾಮಾನ್ಯವಾಗಿ ಮೊದಲು ಪದಕಕ್ಕೆ ಮನಸೋಲುತ್ತಾರೆ, ಆಮೇಲೆ ಅದಕ್ಕೊಂದು ಸರ ಹುಡುಕುತ್ತಾರೆ. ದಿನಾ ಹಾಕಿಕೊಳ್ಳುವ ಮಂಗಳಸೂತ್ರವಾದರೆ ಮೊದಲು ಸರವನ್ನೇ ನೋಡಬೇಕು. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಜಗ್ಗುವುದು, ಬೆವರಿನಲ್ಲಿ ನೆನೆಯುವುದು ಅದೇ.

ಕರಿಮಣಿಯನ್ನು ಪೋಣಿಸುವುದು ಎರಡು ಬಗೆ. ಒಂದು ದಾರದಲ್ಲಿ, ಇನ್ನೊಂದು ಚಿನ್ನದ ತಂತಿಯಲ್ಲಿ. ತಂತಿಯ ಸರದಲ್ಲಿ ಪ್ರತಿ ಮಣಿಯ ಎರಡು ತುದಿಯಲ್ಲೂ ತಂತಿಯನ್ನು ಬಳೆಯಂತೆ ಬಗ್ಗಿಸಿ ಮುಂದಿನದಕ್ಕೆ ಕೊಂಡಿ ಹಾಕಿರುತ್ತಾರೆ. ಆ ಬಳೆಯ ಬಾಯಿ ಪೂರ್ತಿ ಮುಚ್ಚಿಲ್ಲದಿದ್ದರೆ ಕೂದಲು ಸಿಕ್ಕಿಕೊಳ್ಳುತ್ತದೆ, ದುಪಟ್ಟಾದ ಎಳೆ ಹಿಡಿಯುತ್ತದೆ, ಒಂದು ದಿನ ಕೊಂಡಿ ಬಿಚ್ಚಿಕೊಳ್ಳುತ್ತದೆ. ಅಂಗಡಿಯಲ್ಲೇ ಸರವನ್ನು ಕರವಸ್ತ್ರದ ಮೇಲೆ ಮೆಲ್ಲಗೆ ಎಳೆದು ನೋಡಿ, ಎಲ್ಲೂ ತಡೆಯಬಾರದು. ದಾರದ ಸರದ ಕಷ್ಟ ಬೇರೆ. ಗಾಜಿನ ಮಣಿಯ ತೂತಿನ ಅಂಚು ಹರಿತವಾಗಿದ್ದರೆ ದಾರವನ್ನು ಒಳಗೊಳಗೇ ಸವೆಸುತ್ತದೆ. ಆದರೆ ಮತ್ತೆ ಪೋಣಿಸುವುದು ಸುಲಭ, ಖರ್ಚೂ ಕಡಿಮೆ. ದಿನಾ ರೈಲಿನಲ್ಲಿ ಓಡಾಡುವವರು ಗಿಡ್ಡ ಸರವೊಂದನ್ನು ಮಾಡಿಸಿಕೊಂಡು, ಉದ್ದದ್ದನ್ನು ಸಮಾರಂಭಕ್ಕೆ ಇಟ್ಟುಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಮಣಿ ಗಾಜಿನದೋ ಬಣ್ಣ ಹಚ್ಚಿದ ಪ್ಲಾಸ್ಟಿಕ್ಕೋ ಎಂಬ ಅನುಮಾನ ಬಂದರೆ ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಕಪ್ಪು ಹತ್ತಿದರೆ ಬೇಡ.

ಈಗ ತೂಕದ ಮಾತು. ಗಾಜಿಗೂ ತೂಕವಿದೆ, ಅದಕ್ಕೆ ಚಿನ್ನದ ದರ ಕೊಡಬೇಕಾಗಿಲ್ಲ. ಒಂದು ಸರ ತಕ್ಕಡಿಯಲ್ಲಿ 17.60 ಗ್ರಾಂ ತೂಗಿತು ಎನ್ನಿ. ಅದೇ ಅಳತೆಯ ಬಿಡಿ ಕರಿಮಣಿ 50 ತೂಗಿಸಿದರೆ 0.85 ಗ್ರಾಂ ಬಂತು. ಸರದಲ್ಲಿರುವುದು 300 ಮಣಿ, ಅಂದರೆ ಗಾಜೇ 5.10 ಗ್ರಾಂ. ಉಳಿದ ಚಿನ್ನ 12.50 ಗ್ರಾಂ. ಬಿಲ್ಲಿನಲ್ಲಿ ನಿವ್ವಳ ತೂಕ 14 ಗ್ರಾಂ ಎಂದು ಬರೆದಿದ್ದರೆ ಒಂದೂವರೆ ಗ್ರಾಂ ಗಾಜನ್ನು ಚಿನ್ನವೆಂದು ಮಾರಿದಂತಾಯಿತು. ಗ್ರಾಂಗೆ 10,000 ರೂಪಾಯಿ ಎಂದು ಹಿಡಿದರೂ 15,000 ರೂಪಾಯಿ ಕೈಬಿಟ್ಟಿತು. ಬಿಡಿ ಮಣಿ ತೂಗಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಒಟ್ಟು ತೂಕ, ನಿವ್ವಳ ಚಿನ್ನ, ಮಜೂರಿ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ.

ಪದಕದಲ್ಲಿ ಇಲ್ಲಿನ ಮರಾಠಿ ಪದ್ಧತಿಯ ಜೋಡಿ ವಾಟಿಯನ್ನೇ ನಮ್ಮವರಲ್ಲೂ ಅನೇಕರು ಇಷ್ಟಪಡುತ್ತಾರೆ. ಒಂದು ತವರಿನಿಂದ, ಇನ್ನೊಂದು ಗಂಡನ ಮನೆಯಿಂದ ಎಂದು ಬೇರೆ ಬೇರೆ ಅಂಗಡಿಯಲ್ಲಿ ಕೊಳ್ಳುವುದೂ ಉಂಟು. ಇಲ್ಲೊಂದು ಸೂಕ್ಷ್ಮವಿದೆ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಒಂದೂವರೆ ಗ್ರಾಮಿನ ಬಿಡಿ ವಾಟಿಗೆ ಮುದ್ರೆ ಇಲ್ಲದೆಯೇ ಇರಬಹುದು. ಹಾಗಿದ್ದರೆ ಎಷ್ಟು ಕ್ಯಾರೆಟ್ ಎಂಬುದನ್ನು ಬಿಲ್ಲಿನಲ್ಲಿ ತಪ್ಪದೆ ಬರೆಸಿ. ಮುದ್ರೆ ಇದ್ದರೆ 22K916 ಎಂಬ ಗುರುತಿನ ಜೊತೆಗೆ ಆರು ಅಕ್ಷರ-ಅಂಕಿಗಳ ಸಂಖ್ಯೆಯೊಂದು ಇರುತ್ತದೆ. 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ. BIS Care ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆ ಯಾವುದು, ಶುದ್ಧತೆ ಎಷ್ಟು ಎಂದು ತೋರಿಸುತ್ತದೆ. ಅದು ಉಂಗುರ ಎಂದು ತೋರಿಸಿದರೆ ಅಲ್ಲೇ ನಿಲ್ಲಿಸಿ.

ವಾಟಿ ತೀರಾ ತೆಳುವಾಗಿದ್ದರೆ ಮಗು ಹಿಡಿದು ಕಚ್ಚಿದರೂ ತಗ್ಗು ಬೀಳುತ್ತದೆ. ಕೆಲವದರ ಒಳಗೆ ಅರಗು ತುಂಬಿರುತ್ತಾರೆ, ಅದನ್ನೂ ತೂಕದಿಂದ ಕಳೆಯಬೇಕು, ಕೇಳಿಯೇ ಕೊಳ್ಳಿ. ತೀರಾ ಭಾರದ ಪದಕವೂ ದಿನಬಳಕೆಗೆ ಸಲ್ಲ. ನಡೆಯುವಾಗ ಅದು ತೂಗಾಡಿ ಮೇಲಿನ ಬಳೆಯನ್ನು ಸವೆಸುತ್ತದೆ. ಆರು ತಿಂಗಳಿಗೊಮ್ಮೆ ಆ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ನೂಲಿನಷ್ಟು ತೆಳುವಾಗಿ ಕಂಡರೆ ಅಕ್ಕಸಾಲಿಗನ ಹತ್ತಿರ ಒಯ್ಯುವ ಹೊತ್ತು ಬಂದಿದೆ.

ಮುಂಬೈಯ ಸೆಕೆಯಲ್ಲಿ ಬೆವರು, ಎಣ್ಣೆ, ಪೌಡರ್ ಸೇರಿ ಮಣಿಗಳ ಸಂದಿಯಲ್ಲಿ ಜಿಡ್ಡು ಕಟ್ಟುತ್ತದೆ. ತಂತಿಯ ಸರವಾದರೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಶಾಂಪೂ ಹಾಕಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ತೊಳೆದು, ಒರೆಸಿ ಒಣಗಿಸಿ. ದಾರದ್ದನ್ನು ನೆನೆಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅರಗಿನ ವಾಟಿಗೆ ಬಿಸಿನೀರು ತಾಗಬಾರದು, ಅರಗು ಮೆತ್ತಗಾಗುತ್ತದೆ. ಬ್ಲೀಚಿಂಗ್ ಪೌಡರಿನಿಂದ ಬಚ್ಚಲು ತೊಳೆಯುವಾಗ ಸರ ತೆಗೆದಿಡಿ. ಸೇಫ್ಟಿ ಪಿನ್ನನ್ನು ಸರಕ್ಕೆ ಸಿಕ್ಕಿಸುವ ಅಭ್ಯಾಸ ನಮ್ಮ ಹೆಂಗಸರಲ್ಲಿ ಹೋಗುವುದಿಲ್ಲ ಬಿಡಿ. ದಾರಕ್ಕೆ ಮಾತ್ರ ಚುಚ್ಚಬೇಡಿ.

ಮಣಿಗಳ ನಡುವೆ ದಾರ ಇಣುಕತೊಡಗಿದರೆ, ನೂಲು ಗುಂಗುರಾದರೆ ಮತ್ತೆ ಪೋಣಿಸಬೇಕು. ಕೊಡುವ ಮೊದಲು ಚಿನ್ನದ ಗುಂಡುಗಳನ್ನು ಎಣಿಸಿ, ಸರ ತೂಗಿಸಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಎದುರಿಗೇ ಕೂತು ಪೋಣಿಸಿಕೊಡುವವರಿದ್ದರೆ ಒಂದು ತಾಸು ಕಾದರೂ ಅಲ್ಲೇ ಮಾಡಿಸಿ.