ಇಳಿಯದ ಗೆರೆಯನ್ನು ನಂಬಿ ಕೆಟ್ಟೆ

ಇಲಿಯ ಒಂದು ಆಂಟಿಬಾಡಿ ತನ್ನ ಆಂಟಿಜನ್ನನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಅಳೆಯಬೇಕಿತ್ತು. ಆಂಟಿಬಾಡಿ 150 ಕಿಲೊಡಾಲ್ಟನ್, ಆಂಟಿಜನ್ 25. ಚಿಪ್ ಮೇಲೆ ಕೂತದ್ದರ ತೂಕವನ್ನು ಬೆಳಕಿನಿಂದ ಅಳೆಯುವ ಎಸ್‌ಪಿಆರ್ ಯಂತ್ರದ ಸಿಎಂ5 ಚಿಪ್‌ಗೆ ಆಂಟಿಜನ್ನನ್ನು ನೇರವಾಗಿ ಅಂಟಿಸಿ, ಅದರ ಮೇಲೆ ಆಂಟಿಬಾಡಿ ಹರಿಸಿದೆ. ಸುಲಭದ ದಾರಿ ಅಂತ ಆಗ ಅನಿಸಿತ್ತು.

ಆ ತೂಕ ಹೊತ್ತು ಹೋದಂತೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಗೆರೆ, ಸೆನ್ಸರ್‌ಗ್ರಾಮ್, ಚೆನ್ನಾಗಿಯೇ ಬಂತು. ಆಂಟಿಬಾಡಿ ಹರಿಯುವಾಗ ಗೆರೆ ಬಾಗಿ ಏರಿತು. ಬರೀ ಬಫರ್ ಹರಿಸಿದಾಗ ಅದು ಇಳಿಯಬೇಕು, ಅಲ್ವಾ? ಇಳಿಯಲೇ ಇಲ್ಲ. ಯಂತ್ರ ಅಳೆಯುವುದು ಆರ್‌ಯು ಎನ್ನುವ ಮಾನದಲ್ಲಿ; 10 ನಿಮಿಷದಲ್ಲಿ 97 ಆರ್‌ಯು ಇದ್ದದ್ದು 96ಕ್ಕೆ ಬಂತು, ಅಷ್ಟೇ. ಸಾಫ್ಟ್‌ವೇರ್ ಮಾತ್ರ ಹಿಂಜರಿಯದೆ ಲೆಕ್ಕ ಕೊಟ್ಟಿತು: ಕೂಡುವ ವೇಗ `ka` 2 × 10⁵, ಬಿಡುವ ವೇಗ `kd` 1.2 × 10⁻⁵. ಬಿಡುವ ವೇಗವನ್ನು ಕೂಡುವ ವೇಗದಿಂದ ಭಾಗಿಸಿದರೆ ಹಿಡಿತದ ಅಳತೆ `KD` 60 ಪಿಕೊಮೋಲಾರ್; ಇದು ಸಣ್ಣದಾದಷ್ಟೂ ಹಿಡಿತ ಗಟ್ಟಿ. ನಾನು ಖುಷಿಯಲ್ಲಿ ಸ್ಲೈಡ್ ಕೂಡ ಮಾಡಿಬಿಟ್ಟೆ.

ಆ 1 ಆರ್‌ಯು ಇಳಿತ ಯಂತ್ರದ ಸಣ್ಣ ಅಲುಗಾಟವೂ ಆಗಿರಬಹುದು. ಗೆರೆ ಕನಿಷ್ಠ ಶೇಕಡಾ 5 ಇಳಿಯುವ ತನಕ ಬಿಡುವ ವೇಗವನ್ನು ನಂಬಬಾರದು ಎನ್ನುವುದು ಈ ಕೆಲಸದವರ ವಾಡಿಕೆ. 10⁻⁵ ವೇಗದಲ್ಲಿ ಅಷ್ಟು ಇಳಿಯಲು ಸುಮಾರು 85 ನಿಮಿಷ ಬೇಕು. ನಾನು ಕಾದದ್ದು 10.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಆಂಟಿಬಾಡಿಗೆ ಎರಡು ಕೈ. ಚಿಪ್ ಮೇಲೆ ಆಂಟಿಜನ್ ಒತ್ತೊತ್ತಾಗಿ ಕೂತಿದ್ದರೆ ಎರಡು ಕೈಯಲ್ಲೂ ಹಿಡಿದುಕೊಳ್ಳುತ್ತದೆ. ಒಂದು ಕೈ ಜಾರಿದರೂ ಇನ್ನೊಂದು ಹಿಡಿದೇ ಇರುತ್ತದೆ, ಅಷ್ಟರಲ್ಲಿ ಜಾರಿದ ಕೈ ಮತ್ತೆ ಹಿಡಿಯುತ್ತದೆ. ಒಂದು ಕೈಯ ಬಲ ಎಷ್ಟು ಅನ್ನುವುದು ಆ ಗೆರೆಯಲ್ಲಿ ಇರಲೇ ಇಲ್ಲ.

ಇದು ನನಗೆ ಹೊಳೆದದ್ದು ಚಿಪ್ ತೊಳೆಯುವಾಗ. ಪ್ರತಿ ಸಲ ಹಿಡಿದದ್ದನ್ನೆಲ್ಲ ಬಿಡಿಸಿ ಚಿಪ್ಪನ್ನು ಮತ್ತೆ ಮೊದಲಿನಂತೆ ಮಾಡಬೇಕು. ಮೆದುವಾದದ್ದರಿಂದ ಶುರು ಮಾಡಿದೆ. 10 ಮಿಲಿಮೋಲಾರ್ ಗ್ಲೈಸಿನ್, ಪಿಎಚ್ 2.5, 30 ಸೆಕೆಂಡ್. ಬೇಸ್‌ಲೈನ್ 12 ಆರ್‌ಯು ಮೇಲೆಯೇ ನಿಂತಿತು, ಅಂದರೆ ಪೂರ್ತಿ ಬಿಟ್ಟಿರಲಿಲ್ಲ. ಪಿಎಚ್ 1.5ಕ್ಕೆ ಇಳಿದಾಗ ಬೇಸ್‌ಲೈನ್ ಸರಿಯಾಗಿ ಸೊನ್ನೆಗೆ ಬಂತು. ಬಚಾವಾದೆ ಅಂದುಕೊಂಡೆ. ಆದರೆ ಅದೇ ಪ್ರಮಾಣದ ಆಂಟಿಬಾಡಿಯನ್ನು ಮತ್ತೆ ಮತ್ತೆ ಹರಿಸಿದಾಗ ಏರಿಕೆ 97, 89, 82 ಅಂತ ಕುಗ್ಗುತ್ತಾ ಹೋಯಿತು. ಆಮ್ಲ ತಾಗಿ ಆಂಟಿಜನ್ ಕೆಡುತ್ತಿತ್ತು. ಚಿಪ್ ಮೇಲೆ ಅದರ ತೂಕ ಹಾಗೇ ಇದೆ, ಹಿಡಿಸಿಕೊಳ್ಳುವ ಗುಣ ಹೋಗಿದೆ. ಬೇಸ್‌ಲೈನ್ ತೋರಿಸುವುದು ತೂಕವನ್ನು ಮಾತ್ರ. ಅದಕ್ಕೇ ಈಗ ಬೇಸ್‌ಲೈನ್ ಜೊತೆ, ಒಂದೇ ಪ್ರಮಾಣದ ಮಾದರಿ ಪ್ರತಿ ಸಲ ಎಷ್ಟು ಏರುತ್ತದೆ ಅನ್ನುವುದನ್ನೂ ಬರೆದಿಡುತ್ತೇನೆ.

ಕೊನೆಗೆ ಎಲ್ಲವನ್ನೂ ತಿರುಗಿಸಿದೆ. ಇಲಿಯ ಆಂಟಿಬಾಡಿಯ ಬಾಲವನ್ನು ಹಿಡಿಯುವ ಇನ್ನೊಂದು ಆಂಟಿಬಾಡಿಯನ್ನು ಚಿಪ್‌ನ ಎರಡೂ ಕೋಶಗಳಿಗೆ ಅಂಟಿಸಿದೆ. ಒಂದು ಕೋಶವನ್ನು ಹೋಲಿಕೆಗೆ ಖಾಲಿ ಬಿಟ್ಟೆ. ಇನ್ನೊಂದರಲ್ಲಿ ನಮ್ಮ ಆಂಟಿಬಾಡಿಯನ್ನು 150 ಆರ್‌ಯು ಮಾತ್ರ ಹಿಡಿಸಿದೆ. ಎರಡು ಕೈಗೆ ಎರಡು ಆಂಟಿಜನ್ ಅಂದರೆ ಗೆರೆ ಏರುವುದು ಹೆಚ್ಚೆಂದರೆ 150 × 2 × 25/150, ಅಂದರೆ 50 ಆರ್‌ಯು. ಇಷ್ಟು ತೆಳುವಾಗಿದ್ದರೆ ಬಿಟ್ಟ ಆಂಟಿಜನ್ ಪಕ್ಕದಲ್ಲೇ ಮತ್ತೆ ಅಂಟಿಕೊಳ್ಳುವ ಕಾಟವೂ ಕಡಿಮೆ.

ಮೊದಲ ರನ್‌ನಲ್ಲಿ ಗೆರೆ ಬಾಗದೆ, ಮೆಟ್ಟಿಲಿನ ಹಾಗೆ ಒಮ್ಮೆಲೇ ಹಾರಿ ಒಮ್ಮೆಲೇ ಬಿತ್ತು. ಖಾಲಿ ಕೋಶದಲ್ಲೂ ಅದೇ ಹಾರಾಟ. ಆಂಟಿಜನ್ ಜೊತೆ ಬಂದಿದ್ದ ಗ್ಲಿಸರಾಲ್ ಕೆಲಸ ಅದು. ರನ್ನಿಂಗ್ ಬಫರ್‌ಗೆ ಡಯಾಲಿಸಿಸ್ ಮಾಡಿದ ಮೇಲೆ ಹೋಯಿತು.

ಆಮೇಲೆ ಬಂದ ಗೆರೆ ನಿಜವಾಗಿ ಇಳಿಯಿತು. 100 ನ್ಯಾನೊಮೋಲಾರ್ ಆಂಟಿಜನ್ ಹರಿಸಿದಾಗ ಮೂರು ನಿಮಿಷದಲ್ಲಿ ಏರಿಕೆ ಬಾಗಿ ಸಮವಾಯಿತು. ಬಫರ್ ಬಿಟ್ಟ ಸ್ವಲ್ಪ ಹೊತ್ತಿನ ಮೇಲೆ 40 ಆರ್‌ಯು ಇದ್ದದ್ದು ಅಲ್ಲಿಂದ 10 ನಿಮಿಷಕ್ಕೆ 22 ಆಯಿತು. ಫಿಟ್ ನೋಡುವ ಮೊದಲು ಕ್ಯಾಲ್ಕುಲೇಟರ್‌ನಲ್ಲೇ ಹಾಕಿ ನೋಡಿದೆ:

```
kd = ln(40/22) / 600 ≈ 0.001 /s
KD = kd / ka = 0.001 / 200000 = 5 nM
```

60 ಪಿಕೊಮೋಲಾರ್ ಅಂದಿದ್ದು 5 ನ್ಯಾನೊಮೋಲಾರ್ ಆಯಿತು, ಸುಮಾರು 80 ಪಟ್ಟು ಸಡಿಲ. ಐದು ಪ್ರಮಾಣಗಳ ಗೆರೆಗಳನ್ನು ಒಟ್ಟಿಗೆ ಫಿಟ್ ಮಾಡಿದಾಗಲೂ ಸಂಖ್ಯೆ ಅಲ್ಲೇ ನಿಂತಿತು. ನಡುವೆ ಆಂಟಿಜನ್ ಇಲ್ಲದ ಬರೀ ಬಫರ್ ರನ್‌ಗಳನ್ನೂ ಹಾಕಿ ಕಳೆದಿದ್ದೆ. ಹಿಡಿಸಿದ ಆಂಟಿಬಾಡಿಯೇ ನಿಧಾನವಾಗಿ ಸೋರುತ್ತಿರುತ್ತದೆ. ಅದನ್ನು ಕಳೆಯದಿದ್ದರೆ ಆ ಇಳಿತವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಸ್ಲೈಡ್ ಬದಲಿಸುವಾಗ ಸ್ವಲ್ಪ ನಾಚಿಕೆಯಾಯಿತು.

ತೊಳೆಯುವ ತಲೆನೋವೂ ತಾನಾಗಿ ಕಡಿಮೆಯಾಯಿತು. ಪಿಎಚ್ 1.7ರ ಗ್ಲೈಸಿನ್ನನ್ನು ಮೂರು ನಿಮಿಷ ಹರಿಸಿದರೆ ನಮ್ಮ ಆಂಟಿಬಾಡಿ, ಆಂಟಿಜನ್ ಎರಡೂ ಕೊಚ್ಚಿಹೋಗುತ್ತವೆ. ಅಡಿಯಲ್ಲಿರುವ ಆಂಟಿಬಾಡಿ ಆ ಆಮ್ಲವನ್ನು ತಡೆದುಕೊಳ್ಳುತ್ತದೆ. ಕೆಡುತ್ತಿದ್ದ ಆಂಟಿಜನ್ ಪ್ರತಿ ಸಲ ಹೊಸದೇ ಬರುತ್ತದೆ. 40ನೇ ಸಲಕ್ಕೆ ಬೇಸ್‌ಲೈನ್ ಅಲ್ಲೇ ಇತ್ತು, ಆದರೆ ಹಿಡಿಸಿದ ಆಂಟಿಬಾಡಿ 150ರಿಂದ 143ಕ್ಕೆ ಇಳಿದಿತ್ತು. ಮುಂದಿನ ರನ್‌ನಿಂದ ಅದನ್ನು ಐದು ಸೆಕೆಂಡ್ ಜಾಸ್ತಿ ಹರಿಸಿದೆ.