四月八日ರಂದು ಬಂದೆ ಎಂದು ಓದುವುದು ಹೇಗೆ: ಎನ್‌5 ಪರೀಕ್ಷೆಗೆ ಕೂರುವವರಿಗೆ ಒನ್‌ಯೊಮಿ, ಕುನ್‌ಯೊಮಿ ವಿಚಾರ

ಜಪಾನಿಗೆ ಹೊಸದಾಗಿ ಬಂದ ನಮ್ಮವರು ಎನ್‌5 ಪರೀಕ್ಷೆಗೆ ಸಿದ್ಧರಾಗುತ್ತಿದ್ದೇವೆ ಎಂದು ಪುಸ್ತಕ ತೆಗೆದು ತೋರಿಸಿದಾಗ, ಹತ್ತರಲ್ಲಿ ಎಂಟು ಮಂದಿಯ ಪುಸ್ತಕದಲ್ಲಿ ನನಗೆ ಕಾಣುವುದು ಒಂದೇ ಬಗೆಯ ಕೋಷ್ಟಕ. ಎಡಗಡೆ ಒಂದು ಕಾಂಜಿ, ಅದರ ಪಕ್ಕದಲ್ಲಿ ಒನ್‌ಯೊಮಿಗಳ ಸಾಲು, ಆಮೇಲೆ ಕುನ್‌ಯೊಮಿಗಳ ಸಾಲು, ಕೊನೆಗೆ ಅರ್ಥ. ನಾನೂ ಹೀಗೆಯೇ ನೂರು ಪುಟ ಬರೆದಿದ್ದೆ. ಜುಲೈನಲ್ಲಿ ಪರೀಕ್ಷೆಗೆ ಕೂತು 180ಕ್ಕೆ 74 ಅಂಕ ಪಡೆದೆ. ತೇರ್ಗಡೆಗೆ ಬೇಕಾಗಿದ್ದದ್ದು 80. ಪರೀಕ್ಷೆ ಮತ್ತೆ ನಡೆಯುವುದು ಡಿಸೆಂಬರಿನಲ್ಲಿ. ಶುಲ್ಕವೂ ಅರ್ಧ ವರ್ಷವೂ ಹೋದದ್ದು ಆ ಕೋಷ್ಟಕದಿಂದ ಎಂದು ಅರಿವಾಗಲು ನನಗೆ ಬಹಳ ದಿನ ಹಿಡಿಯಿತು. ಹಿರಗಾನ, ಕತಕಾನ ಕಲಿತಾಗಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಅಕ್ಷರಕ್ಕೆ ಎರಡು ಬಗೆಯ ಓದು ಏಕೆ ಎಂಬುದು ಕನ್ನಡಿಗರಿಗೆ ಕಷ್ಟದ ವಿಷಯವಲ್ಲ. ನಮ್ಮಲ್ಲಿ ‘ನೀರು’ ಇದೆ, ‘ಜಲ’ ಇದೆ. ಕುಡಿಯಲು ನೀರು ಕೇಳುತ್ತೇವೆ, ಆದರೆ ಅಣೆಕಟ್ಟಿನ ಹಿಂದೆ ನಿಲ್ಲುವುದು ಜಲಾಶಯ. ಅದನ್ನು ಯಾರೂ ನೀರಾಶಯ ಎನ್ನುವುದಿಲ್ಲ. ನೀರು ಮತ್ತು ಜಲ ಎರಡನ್ನೂ ಒಂದೇ ಚಿಹ್ನೆಯಿಂದ ಬರೆದು, ಅದು ನಿಂತಿರುವ ಜಾಗ ನೋಡಿ ಯಾವುದೆಂದು ಓದಿಕೊಳ್ಳಿ ಎಂದು ನಮಗೆ ಹೇಳಿದ್ದರೆ ಹೇಗಿರುತ್ತಿತ್ತೋ ಜಪಾನಿನ ಬರವಣಿಗೆ ಹಾಗಿದೆ. 水 ಒಂಟಿಯಾಗಿ ನಿಂತರೆ ‘ಮಿಜು’, ಅದು ಅವರ ಮನೆಯ ಮಾತು, ಅಂದರೆ ಕುನ್‌ಯೊಮಿ. ಅದೇ ಚಿಹ್ನೆ 水曜日 ಎಂಬ ಬುಧವಾರದ ಹೆಸರಿನಲ್ಲಿ ಬಂದರೆ ‘ಸುಯ್’, ಅದು ಚೀನಾದಿಂದ ಅಕ್ಷರದೊಂದಿಗೆ ಬಂದ ಉಚ್ಚಾರ, ಅಂದರೆ ಒನ್‌ಯೊಮಿ. ಚೀನೀ ಉಚ್ಚಾರಗಳು ಒಮ್ಮೆಲೇ ಬರಲಿಲ್ಲ. ಮೊದಲೊಂದು ಅಲೆ ದಕ್ಷಿಣ ಚೀನಾದ ಕಡೆಯಿಂದ ಬಂದಿತು, ಇನ್ನೊಂದು ತಾಂಗ್ ರಾಜರ ಕಾಲದಲ್ಲಿ ರಾಜಧಾನಿಯ ಉಚ್ಚಾರವಾಗಿ ಬಂದಿತು. ಹೀಗಾಗಿ 人 ಎಂಬ ಮನುಷ್ಯನ ಚಿಹ್ನೆಗೆ ‘ನಿನ್’ ಎಂಬ ಹಳೆಯ ಒನ್‌ಯೊಮಿಯೂ ‘ಜಿನ್’ ಎಂಬ ತರುವಾಯದ ಒನ್‌ಯೊಮಿಯೂ ಉಳಿದುಕೊಂಡಿವೆ. ಮೂವರು ಎನ್ನಲು 三人 ‘ಸನ್ನಿನ್’, ಭಾರತೀಯ ಎನ್ನಲು ಇಂದೊ‘ಜಿನ್’.

ಇಲ್ಲಿಯವರೆಗೆ ತಿಳಿದ ಮೇಲೆ ಸಹಜವಾಗಿ ಬರುವ ಯೋಚನೆಯೇ ಬಲೆ. ಪ್ರತಿ ಕಾಂಜಿಯ ಎಲ್ಲ ಓದುಗಳನ್ನೂ ಬಾಯಿಪಾಠ ಮಾಡಿಬಿಟ್ಟರೆ ಯಾವ ಪದ ಬಂದರೂ ಓದಬಹುದು ಎಂದು ನಾನು ಎಣಿಸಿದ್ದೆ. 日 ಎಂಬುದಕ್ಕೆ ನಿಚಿ, ಜಿತ್ಸು, ಹಿ, ಕ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. 生 ಎಂಬುದಕ್ಕೆ ಸೇ, ಶೋ ಎಂಬ ಒನ್‌ಯೊಮಿಗಳ ಜೊತೆಗೆ ಹುಟ್ಟು, ಬದುಕು, ಮೊಳೆ, ಹಸಿ ಎಂಬ ಅರ್ಥಗಳ ಕುನ್‌ಯೊಮಿಗಳನ್ನೆಲ್ಲ ಕಲಿಯಲು ಎರಡು ಸಂಜೆ ಕಳೆದೆ. ಆದರೆ ಎನ್‌5 ಪರೀಕ್ಷೆಯಲ್ಲಿ ಒಂಟಿ ಕಾಂಜಿಯನ್ನು ಕೊಟ್ಟು ಅದರ ಓದುಗಳನ್ನು ಹೇಳಿ ಎಂದು ಯಾರೂ ಕೇಳುವುದಿಲ್ಲ. ಒಂದು ವಾಕ್ಯ ಕೊಡುತ್ತಾರೆ, ಅದರಲ್ಲಿ ಒಂದು ಪದಕ್ಕೆ ಅಡಿಗೆರೆ ಎಳೆದಿರುತ್ತಾರೆ, ಕೆಳಗೆ ಹಿರಗಾನದಲ್ಲಿ ನಾಲ್ಕು ಉತ್ತರಗಳಿರುತ್ತವೆ. ಮುಂದಿನ ಭಾಗದಲ್ಲಿ ಇದರ ತಿರುವು, ಹಿರಗಾನದ ಪದಕ್ಕೆ ಸರಿಯಾದ ಕಾಂಜಿ ಆರಿಸುವುದು. ಕೈಯಿಂದ ಬರೆಯುವುದು ಎಲ್ಲಿಯೂ ಇಲ್ಲ. ಕೇಳುವುದು ಪದವನ್ನು, ಮತ್ತು ಆ ಪದದಲ್ಲಿ ಕಾಂಜಿಗೆ ಸಲ್ಲುವುದು ಒಂದೇ ಓದು.

ನನ್ನನ್ನು ಕೆಡವಿದಂಥ ಒಂದು ವಾಕ್ಯವನ್ನು ಬಿಡಿಸಿ ತೋರಿಸುತ್ತೇನೆ.

わたしは 四月八日に 日本へ 来ました。

ನಾನು ಏಪ್ರಿಲ್ ಎಂಟರಂದು ಜಪಾನಿಗೆ ಬಂದೆ ಎಂದು ಇದರ ಅರ್ಥ. ಇಲ್ಲಿರುವ ಕಾಂಜಿಗಳೆಲ್ಲ ಮೊದಲ ತಿಂಗಳಲ್ಲೇ ಕಲಿಯುವಂಥವು. 四 ಎಂಬ ನಾಲ್ಕನ್ನು ‘ಯೊನ್’ ಎಂದೂ ‘ಶಿ’ ಎಂದೂ ಓದುತ್ತಾರೆ. ತಿಂಗಳ ಹೆಸರಿನಲ್ಲಿ ಅದು ‘ಶಿ’ ಮಾತ್ರ. 月 ಎಂಬುದಕ್ಕೆ ಗತ್ಸು, ಗೆತ್ಸು, ತ್ಸುಕಿ ಎಂಬ ಮೂರು ಓದುಗಳಿವೆ; ಏಪ್ರಿಲ್ ‘ಶಿಗತ್ಸು’, ಮುಂದಿನ ತಿಂಗಳು 来月 ‘ರಯ್‌ಗೆತ್ಸು’. ಕೋಷ್ಟಕ ಕಲಿತವರು ‘ಯೊನ್‌ಗೆತ್ಸು’ ಎನ್ನುತ್ತಾರೆ; ಎರಡು ತುಂಡೂ ಕೋಷ್ಟಕದ ಪ್ರಕಾರ ಸರಿ, ಆದರೆ ಅಂಥ ತಿಂಗಳು ಇಲ್ಲ. 八日 ಇನ್ನೂ ಕಷ್ಟ. ಎಂಟು ‘ಹಚಿ’, ದಿನ ‘ನಿಚಿ’ ಎಂದು ನಾನು ‘ಹಚಿನಿಚಿ’ ಎಂಬ ಉತ್ತರಕ್ಕೆ ಗುರುತು ಹಾಕಿದೆ. ಸರಿಯಾದದ್ದು ‘ಯೋಕ’. ತಿಂಗಳ ಎರಡರಿಂದ ಹತ್ತರವರೆಗಿನ ದಿನಗಳನ್ನು ಎಣಿಸುವಾಗ ಜಪಾನಿನವರು ತಮ್ಮ ಹಳೆಯ ಮನೆಮಾತಿನ ಎಣಿಕೆಯನ್ನೇ ಇಟ್ಟುಕೊಂಡಿದ್ದಾರೆ. ನಾಲ್ಕನೆಯ ದಿನ 四日 ‘ಯೊಕ್ಕ’, ಎಂಟನೆಯ ದಿನ ‘ಯೋಕ’, ಹತ್ತನೆಯ ದಿನ 十日 ‘ತೋಕ’. ಹನ್ನೊಂದರಿಂದ ‘ನಿಚಿ’ ಬರುತ್ತದೆ, ಆದರೆ ಹದಿನಾಲ್ಕು ಮತ್ತು ಇಪ್ಪತ್ತನಾಲ್ಕರಲ್ಲಿ ‘ಯೊಕ್ಕ’ ಮತ್ತೆ ತಲೆ ಎತ್ತುತ್ತದೆ, ಇಪ್ಪತ್ತನೆಯ ದಿನಕ್ಕೆ ‘ಹತ್ಸುಕ’ ಎಂಬ ಬೇರೆಯೇ ಹೆಸರಿದೆ. ಅದೇ 日 ಮುಂದಿನ ಪದವಾದ ‘ನಿಹೊನ್’, ಅಂದರೆ ಜಪಾನ್ ಎಂಬಲ್ಲಿ ಬರಿಯ ‘ನಿ’ ಆಗಿ ಕುಳಿತಿದೆ. ಕೊನೆಯ 来 ಕ್ರಿಯಾಪದ. ಬರುವುದು ‘ಕುರು’, ಬಂದೆ ‘ಕಿಮಶಿತ’, ಬರುವುದಿಲ್ಲ ‘ಕೊನಯ್’. ಕು, ಕಿ, ಕೊ ಮೂರೂ ಒಂದೇ ಕಾಂಜಿಯ ಒಳಗೆ ಅಡಗಿವೆ.

ಒಂದು ವಾಕ್ಯದಲ್ಲಿ ನಾಲ್ಕು ಪದ, ನಾಲ್ಕರಲ್ಲೂ ಕೋಷ್ಟಕ ಕೈಕೊಟ್ಟಿತು. ಯೊಕ್ಕ, ಯೋಕಗಳ ಗೊಂದಲ ಪರೀಕ್ಷೆಗೇ ಮುಗಿಯುವುದಿಲ್ಲ ಎಂದೂ ಎಚ್ಚರಿಸುತ್ತೇನೆ. ಫೋನಿನಲ್ಲಿ ‘ಯೋಕ’ ಎಂದು ಹೇಳಿದ್ದನ್ನು ನಾನು ‘ಯೊಕ್ಕ’ ಎಂದು ಕೇಳಿಸಿಕೊಂಡು, ಎಂಟರಂದು ಬರಬೇಕಾದ ಗ್ಯಾಸ್ ಕೆಲಸದವರಿಗಾಗಿ ನಾಲ್ಕರಂದು ರಜೆ ಹಾಕಿ ದಿನವಿಡೀ ಮನೆಯಲ್ಲಿ ಕಾದಿದ್ದೇನೆ. ಎಂಟನೆಯ ದಿನ ಅವರು ಬಂದಾಗ ಮನೆಗೆ ಬೀಗ.

ಹಾಗಾದರೆ ಒನ್, ಕುನ್ ಎಂಬ ಭೇದವನ್ನು ಬಿಟ್ಟೇಬಿಡಬೇಕೆ ಎಂದು ಕೇಳಬಹುದು. ಬಿಡಬಾರದು, ಅದು ಊಹೆಗೆ ದಾರಿ ತೋರಿಸುತ್ತದೆ. ಕಾಂಜಿಯ ಬಾಲಕ್ಕೆ ಹಿರಗಾನ ಅಂಟಿಕೊಂಡಿದ್ದರೆ ಅದು ಬಹುತೇಕ ಕುನ್‌ಯೊಮಿ: 食べる ‘ತಬೆರು’, ತಿನ್ನುವುದು. ಈ ಬಾಲಕ್ಕೆ ಒಕುರಿಗಾನ ಎನ್ನುತ್ತಾರೆ, ಮತ್ತು ಅದನ್ನು ಕಣ್ಣಿಟ್ಟು ನೋಡಬೇಕು, ಏಕೆಂದರೆ 入る ‘ಹಯ್‌ರು’, ತಾನು ಒಳಗೆ ಹೋಗುವುದು, 入れる ‘ಇರೆರು’, ಇನ್ನೊಂದನ್ನು ಒಳಗೆ ಹಾಕುವುದು. ಎರಡು ಕಾಂಜಿಗಳು ಬಾಲವಿಲ್ಲದೆ ಜೊತೆಗೂಡಿದ್ದರೆ ಸಾಮಾನ್ಯವಾಗಿ ಎರಡೂ ಒನ್‌ಯೊಮಿ: 食堂 ‘ಶೊಕುದೋ’, ಊಟದ ಕೋಣೆ. ಆದರೆ ಯಾವುದೇ ರೈಲು ನಿಲ್ದಾಣದಲ್ಲಿ ಮೊದಲು ಕಣ್ಣಿಗೆ ಬೀಳುವ ಪದವೇ ಈ ಸೂತ್ರವನ್ನು ಮುರಿಯುತ್ತದೆ: 出口, ಹೊರಬಾಗಿಲು, ಎರಡೂ ಕುನ್‌ಯೊಮಿಯಾಗಿ ‘ದೆಗುಚಿ’.

ಒಂದು ಒನ್, ಒಂದು ಕುನ್ ಬೆರೆಯುವ ಪದಗಳೂ ಇವೆ. 毎朝, ಪ್ರತಿ ಬೆಳಿಗ್ಗೆ, ‘ಮಯ್‌ಅಸ’ ಎಂಬಲ್ಲಿ ‘ಮಯ್’ ಚೀನೀ, ‘ಅಸ’ ಜಪಾನೀ. ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿಸಿದರೆ ಅರಿಸಮಾಸ ಎಂದು ನಮ್ಮ ವೈಯಾಕರಣರು ದೋಷ ಹೇಳಿದರೂ, ಬಳಕೆಯಲ್ಲಿ ನಿಂತುಹೋದದ್ದನ್ನು ಒಪ್ಪಿಕೊಂಡರು. ಜಪಾನಿನಲ್ಲೂ ಇಂಥ ಬೆರಕೆ ಪದಗಳಿಗೆ ಪ್ರತ್ಯೇಕ ಹೆಸರುಗಳೇ ಇವೆ, ಅವು ಬಳಕೆಯಲ್ಲಿ ಗಟ್ಟಿಯಾಗಿ ನಿಂತಿವೆ. ಇನ್ನು 今日 ‘ಕ್ಯೋ’, ಇಂದು, ಮತ್ತು 大人 ‘ಒತೊನ’, ವಯಸ್ಕ, ಇಂಥವುಗಳಲ್ಲಿ ಯಾವ ಕಾಂಜಿಗೆ ಯಾವ ಶಬ್ದ ಎಂದು ಒಡೆಯಲು ಹೋಗಬೇಡಿ. ಓದು ಇಡೀ ಪದಕ್ಕೆ ಸೇರಿದ್ದು.

ಜೊತೆಗೂಡಿದಾಗ ಶಬ್ದ ಬದಲಾಗುವುದರಲ್ಲಿ ಮಾತ್ರ ನಮ್ಮ ಕಿವಿ ನಮಗೆ ಸಹಾಯ ಮಾಡುತ್ತದೆ. ಬಾಯಿ ‘ಕುಚಿ’, ಆದರೆ ಮೇಲೆ ಹೇಳಿದ ಹೊರಬಾಗಿಲು ದೆ‘ಗುಚಿ’. ಕಾಗದ ‘ಕಮಿ’, ಆದರೆ ಪತ್ರ 手紙 ತೆ‘ಗಮಿ’. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಆಗುವ ನಮ್ಮ ಆದೇಶ ಸಂಧಿಯನ್ನು ಇದು ಎಷ್ಟು ಹೋಲುತ್ತದೆ ಎಂದು ತಿಳಿದ ದಿನ ನನಗೆ ನಿಜವಾಗಿ ಸಂತೋಷವಾಗಿತ್ತು. ಜಪಾನಿನವರು ಇದನ್ನು ರೆಂದಕು ಎನ್ನುತ್ತಾರೆ. ಆದರೆ ಎಲ್ಲ ಪದಗಳಲ್ಲೂ ಇದು ಆಗುವುದಿಲ್ಲ, ಆದ್ದರಿಂದ ಪರೀಕ್ಷೆಯಲ್ಲಿ ಸಂಧಿ ಮಾಡಿ ಹೊಸ ಪದ ಕಟ್ಟಬೇಡಿ. ಕಲಿತ ಪದ ನೆನಪಿಗೆ ಬರಲು ಮಾತ್ರ ಇದನ್ನು ಬಳಸಿ.

ಓದುಗಳನ್ನು ರೋಮನ್ ಅಕ್ಷರದಲ್ಲಿ ಬರೆದುಕೊಳ್ಳುವುದಕ್ಕಿಂತ ಕನ್ನಡದಲ್ಲಿ ಬರೆದುಕೊಳ್ಳುವುದು ಎಷ್ಟೋ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಒ, ಓಗಳ ಭೇದವೂ ಒತ್ತಕ್ಷರವೂ ನಮ್ಮಲ್ಲಿ ಸ್ಪಷ್ಟವಾಗಿವೆ. ಪರೀಕ್ಷೆಯ ತಪ್ಪು ಉತ್ತರಗಳು ಬಹುಮಟ್ಟಿಗೆ ಇಲ್ಲಿಯೇ ಹೊಂಚು ಹಾಕುತ್ತವೆ: ಶಾಲೆ ಎಂಬ 学校 ಪದಕ್ಕೆ ಗಕ್ಕೋ, ಗಕ್ಕೊ, ಗಕೋ, ಗಕೊ ಎಂಬ ನಾಲ್ಕನ್ನೂ ಎದುರಿಗಿಟ್ಟರೆ ರೋಮನ್‌ನಲ್ಲಿ ಕಲಿತವರು ತಡವರಿಸುತ್ತಾರೆ. ಆದರೂ ಮೊದಲ ಎರಡು ವಾರದ ನಂತರ ಕನ್ನಡವನ್ನೂ ಬಿಟ್ಟು ಹಿರಗಾನಕ್ಕೆ ಹೋಗಲೇಬೇಕು. ನಮ್ಮ ‘ಓ’ ಹಿರಗಾನದಲ್ಲಿ ಎರಡು ರೀತಿ ಬರುತ್ತದೆ. ಎಂಟನೆಯ ದಿನ ‘ಯೋಕ’ ようか, ಉಕಾರ ಸೇರಿಸಿ. ಹತ್ತನೆಯ ದಿನ ‘ತೋಕ’ とおか, ಒಕಾರ ಸೇರಿಸಿ. ಕನ್ನಡದಲ್ಲಿ ಬರೆದಾಗ ಈ ವ್ಯತ್ಯಾಸ ಮಾಯವಾಗುತ್ತದೆ, ಉತ್ತರಗಳಿರುವುದು ಹಿರಗಾನದಲ್ಲಿ.

ಡಿಸೆಂಬರಿಗೆ ನಾನು ಪುಸ್ತಕವನ್ನು ಹೀಗೆ ಬದಲಾಯಿಸಿದೆ. ಎಡಗಡೆ ಕಾಂಜಿಯ ಬದಲು ಒಂದು ಚಿಕ್ಕ ವಾಕ್ಯ, ಬಲಗಡೆ ಅದರ ಹಿರಗಾನ, ಮಡಚಿದರೆ ಕಾಣದಂತೆ. ಒಂದು ಕಾಂಜಿಗೆ ಎನ್‌5ರಲ್ಲಿ ನಿಜವಾಗಿ ಬರುವ ಪದಗಳನ್ನು ಮಾತ್ರ ತೆಗೆದುಕೊಂಡೆ. 生 ಎಂಬುದಕ್ಕೆ ‘ಸೆನ್‌ಸೇ’ ಎಂಬ ಗುರು, ‘ಗಕುಸೇ’ ಎಂಬ ವಿದ್ಯಾರ್ಥಿ, ‘ಉಮರೆರು’ ಎಂಬ ಹುಟ್ಟುವುದು, ಇಷ್ಟೇ ಸಾಕಾಯಿತು. ಪರೀಕ್ಷೆ 2010ರಲ್ಲಿ ಐದು ಹಂತಗಳಾದಂದಿನಿಂದ ಅಧಿಕೃತ ಕಾಂಜಿ ಪಟ್ಟಿ ಪ್ರಕಟವಾಗುತ್ತಿಲ್ಲ; ಅಂಗಡಿಯಲ್ಲಿ ಸಿಗುವ ಸುಮಾರು ನೂರು ಕಾಂಜಿಯ ಪಟ್ಟಿಗಳೆಲ್ಲ ಹಿಂದಿನ ನಾಲ್ಕನೇ ಹಂತದ ಅಂದಾಜು. ಆದ್ದರಿಂದ ಎರಡು ಪಟ್ಟಿಗಳು ಹೊಂದದಿದ್ದರೆ ಗಾಬರಿಯಾಗಿ ಮೂರನೆಯದನ್ನು ಕೊಳ್ಳಬೇಡಿ. ನಿಘಂಟಿನಲ್ಲಿ ಕತಕಾನದಲ್ಲಿರುವುದು ಒನ್, ಹಿರಗಾನದಲ್ಲಿರುವುದು ಕುನ್ ಎಂದು ತಿಳಿದಿದ್ದರೆ ಸಾಕು, ಅಲ್ಲಿರುವ ಓದುಗಳನ್ನೆಲ್ಲ ನಕಲು ಮಾಡಬೇಕಾಗಿಲ್ಲ.

ದಿನಾಂಕಗಳನ್ನು, ಗಂಟೆಗಳನ್ನು, ಜನರ ಎಣಿಕೆಯನ್ನು ಮಾತ್ರ ಪ್ರತಿದಿನ ಬಾಯಿಬಿಟ್ಟು ಹೇಳಿ. ನಾಲ್ಕು ಗಂಟೆ ‘ಯೊಜಿ’, ಒಂಬತ್ತು ಗಂಟೆ ‘ಕುಜಿ’, ಒಬ್ಬರು ‘ಹಿತೊರಿ’, ಇಬ್ಬರು ‘ಫುತರಿ’, ಮೂವರಿಂದ ‘ನಿನ್’. ಪದಭಾಗಕ್ಕೆ ಕೊಡುವುದು ಒಟ್ಟು 20 ನಿಮಿಷ. ಅಷ್ಟರಲ್ಲಿ ಅಡಿಗೆರೆಯ ಪದವನ್ನು ಮೊದಲು ನೀವೇ ಮನಸ್ಸಿನಲ್ಲಿ ಓದಿಕೊಂಡು, ಆಮೇಲೆ ಉತ್ತರಗಳ ಕಡೆ ಕಣ್ಣು ಹಾಯಿಸಿ. ನಾಲ್ಕೂ ಉತ್ತರಗಳನ್ನು ಮೊದಲೇ ನೋಡಿದರೆ ‘ಹಚಿನಿಚಿ’ ಕೂಡ ಸರಿ ಎನಿಸುತ್ತದೆ.